ಸಹಾಯ ಬೇಕು: 40 ಜಿಬಿ ಫೈಲಿನ ಸಾರ್ಟ್, ಮರ್ಜ್‌ನಲ್ಲಿ ಸಿಕ್ಕಿಕೊಂಡಿದ್ದೇನೆ

ನಮಸ್ಕಾರ, ನಾನು ವಿಜಯಪುರದವನು. ದ್ರಾಕ್ಷಿ ತೋಟಗಳ ಸೆನ್ಸರ್ ದಾಖಲೆಯ 40 ಜಿಬಿ ಫೈಲನ್ನು ಸಮಯದ ಪ್ರಕಾರ ಜೋಡಿಸಬೇಕು. ರ‍್ಯಾಮ್ 8 ಜಿಬಿ ಮಾತ್ರ. 2 ಜಿಬಿಯಂತೆ ಓದಿ, ಸಾರ್ಟ್ ಮಾಡಿ, 20 ತುಂಡು ಫೈಲ್ ಬರೆದೆ.

ಕಷ್ಟ ಶುರುವಾಗಿದ್ದು ಮರ್ಜ್‌ನಲ್ಲಿ. ಪ್ರತಿ ತುಂಡಿನ ಮೊದಲ ಸಾಲನ್ನು ಹೀಪ್‌ನಲ್ಲಿಟ್ಟು, ಚಿಕ್ಕದನ್ನು ತೆಗೆದು ಬರೆದು, ಅದು ಬಂದ ತುಂಡಿನಿಂದ ಮುಂದಿನ ಸಾಲು ತರುತ್ತೇನೆ. ರಾತ್ರಿಯಿಡೀ ಓಡಿದರೂ ಅರ್ಧ ಮುಗಿದಿಲ್ಲ. ಸಿಪಿಯು ಸುಮ್ನೆ ಕೂತಿದೆ, ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಿದೆ. ತುಂಡಿಗೆ ಬರೀ 8 ಕೆಬಿ ಬಫರ್ ಇಟ್ಟಿದ್ದೇನೆ. ಡಿಸ್ಕಿನ ಹೆಡ್ 20 ಕಡೆ ಓಡಾಡುವುದೇ ಕಾರಣ ಅಲ್ವಾ?

ಈಗ ಬಫರನ್ನು ತಲಾ 100 ಎಂಬಿ ಮಾಡಿ 20ನ್ನೂ ಒಂದೇ ಸಲ ಮರ್ಜ್ ಮಾಡಲೇ? ಅಥವಾ ಐದೈದು ಸೇರಿಸಿ 4 ಫೈಲ್ ಮಾಡಿ, ಆಮೇಲೆ ಅವನ್ನು ಸೇರಿಸಲೇ? ಹಾಗಾದರೆ 40 ಜಿಬಿಯನ್ನು ಇನ್ನೊಮ್ಮೆ ಓದಿ ಬರೆಯಬೇಕಲ್ಲ. ಯಾವುದು ಬೇಗ ಮುಗಿಯುತ್ತದೆ?