‘ಮೂರು ದಿನ ಕಾಯಿಲೆಯಾಗಿದ್ದೆ’ ಎನ್ನಲು ಅಂಪಾರ್ಫೆಯೋ, ಪಾಸೆ ಕೊಂಪೊಜೆಯೋ?

ಹೇಮಾವತಿ ದಂಡೆ
ಫ್ರೆಂಚ್ ಕಲಿಯಲು ಆರಂಭಿಸಿ ಎಂಟು ತಿಂಗಳಾಯಿತು. ಕಳೆದ ವಾರದ ಕಾಯಿಲೆಯ ಬಗ್ಗೆ ನಾಲ್ಕು ಸಾಲು ಬರೆದು ತರಗತಿಗೆ ಒಯ್ದಿದ್ದೆ: ಮೂರು ದಿನ ಕಾಯಿಲೆಯಾಗಿದ್ದೆ, ಹೊರಗೆ ಮಳೆ ಸುರಿಯುತ್ತಿತ್ತು, ವೈದ್ಯರು ಬಂದಾಗ ನಿದ್ದೆಯಲ್ಲಿದ್ದೆ, ಸೂಜಿ ನೋಡಿ ಭಯವಾಯಿತು. ಫ್ರೆಂಚಿನ ಎರಡು ಭೂತಕಾಲದ ರೂಪಗಳಲ್ಲಿ, ವೈದ್ಯರು ಬಂದದ್ದೊಂದನ್ನು ಪಾಸೆ ಕೊಂಪೊಜೆಯಲ್ಲಿ, ಉಳಿದೆಲ್ಲವನ್ನೂ ಅಂಪಾರ್ಫೆಯಲ್ಲಿ ಹಾಕಿದೆ. ಮಳೆ, ನಿದ್ದೆ ಎರಡೂ ಸರಿಯಾದವು. ಕಾಯಿಲೆಯ ‘ಜೆತೆ ಮಲಾದ್’, ಭಯದ ‘ಜಾವೆ ಪರ್’ ಎರಡಕ್ಕೂ ಕೆಂಪು ಗೆರೆ ಬಿತ್ತು. ಮೂರು ದಿನ ನಡೆದ ಕಾಯಿಲೆಗೆ ಪಾಸೆ ಕೊಂಪೊಜೆ ಏಕೆ?

ಬಯಲುಸೀಮೆ
ನಿಮ್ಮ ಅಧ್ಯಾಪಕರೇ ತಪ್ಪಿರಬಹುದು. ನಾನು ಕಲಿತದ್ದು ಇಷ್ಟು: ಬಹಳ ಹೊತ್ತು ನಡೆದದ್ದಕ್ಕೆ ಅಂಪಾರ್ಫೆ, ತಟ್ಟನೆ ನಡೆದು ಮುಗಿದದ್ದಕ್ಕೆ ಪಾಸೆ ಕೊಂಪೊಜೆ. ಮಳೆ ಸುರಿಯುವುದು ಹೊತ್ತು ಹಿಡಿಯುವ ಕೆಲಸ, ವೈದ್ಯರು ಬರುವುದು ಒಂದು ಕ್ಷಣದ ಕೆಲಸ. ಈ ಲೆಕ್ಕದಲ್ಲಿ ಭಯಕ್ಕೆ ಪಾಸೆ ಕೊಂಪೊಜೆ ಎಂದರೆ ಒಪ್ಪುತ್ತೇನೆ. ಮೂರು ದಿನದ ಜ್ವರಕ್ಕೆ ಮಾತ್ರ ಒಪ್ಪುವುದಿಲ್ಲ.

ಹಳೆಯ ಕಪ್ಪುಹಲಗೆ
ಇಪ್ಪತ್ತು ವರ್ಷ ಫ್ರೆಂಚ್ ಪಾಠ ಮಾಡಿದ್ದೇನೆ. ವಿದ್ಯಾರ್ಥಿಗಳನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ‘ಬಹಳ ಹೊತ್ತು’ ಎಂಬ ಸೂತ್ರವೇ. ಹದಿನಾಲ್ಕನೆಯ ಲೂಯಿ 1643ರಿಂದ 1715ರವರೆಗೆ, 72 ವರ್ಷ ಫ್ರಾನ್ಸನ್ನು ಆಳಿದ. ಅದನ್ನು ಫ್ರೆಂಚರು ‘ಲೂಯಿ ಕತೋರ್ಜ್ ಆ ರೆನ್ಯೆ ಸ್ವಾಸಾಂತ್ ದೂಜ್ ಆಂ’ ಎನ್ನುತ್ತಾರೆ. ಅದು ಪಾಸೆ ಕೊಂಪೊಜೆ. ಎಪ್ಪತ್ತೆರಡು ವರ್ಷಕ್ಕೇ ಅದು ಸಲ್ಲುವುದಾದರೆ ಮೂರು ದಿನದ ಕಾಯಿಲೆಗೆ ಸಲ್ಲದೆ ಇದ್ದೀತೇ?

ಈಗ ಅದೇ ಆಳ್ವಿಕೆಯನ್ನು ಒಳಗೆ ನಿಂತು ನೋಡಿ. 1682ರಲ್ಲಿ ಆಸ್ಥಾನ ವರ್ಸಾಯಿಗೆ ಹೋಗಿ ನೆಲೆಸಿದಾಗ ಅವನು 39 ವರ್ಷಗಳಿಂದ ಆಳುತ್ತಿದ್ದ. ಇಲ್ಲಿ ‘ಇಲ್ ರೆನ್ಯೆ ದಪ್ವಿ ತ್ರಾಂತ್ ನಫ್ ಆಂ’ ಎಂದು ಅಂಪಾರ್ಫೆ ಬರುತ್ತದೆ. ರಾಜನೂ ಅವನೇ, ಆಳ್ವಿಕೆಯೂ ಅದೇ. ಮೊದಲ ವಾಕ್ಯದಲ್ಲಿ ನೀವು ಹೊರಗೆ ನಿಂತು, ಎರಡೂ ತುದಿ ಹಿಡಿದು, ಇಡೀ ಆಳ್ವಿಕೆಯನ್ನು ಅಳೆಯುತ್ತೀರಿ. ಎರಡನೆಯದರಲ್ಲಿ ಅದರ ನಡುವೆ ನಿಂತಿದ್ದೀರಿ, ತುದಿ ಇನ್ನೂ ಕಾಣುತ್ತಿಲ್ಲ. ‘ಪಾಂದಾಂ ತ್ರ್ವಾ ಜೂರ್’ ಎಂದು ಬರೆದ ಕೂಡಲೇ ಹೇಮಾವತಿಯವರು ತುದಿ ಕಟ್ಟಿಬಿಟ್ಟರು. ಆದ್ದರಿಂದ ‘ಜೆ ಎತೆ ಮಲಾದ್’ ಆಗಬೇಕು. ಮೂರು ದಿನದ ಮಾತು ತೆಗೆದು, ‘ಆಗ ಕಾಯಿಲೆಯಾಗಿದ್ದೆ, ಅಷ್ಟರಲ್ಲಿ ತಂಗಿ ಬಂದಳು’ ಎಂದು ಬರೆದಿದ್ದರೆ ಅವರ ‘ಜೆತೆ ಮಲಾದ್’ ಸರಿಯಾಗುತ್ತಿತ್ತು.

ತುಲೂಸ್ ನಿವಾಸಿ
ಉಚ್ಚಾರದ ಬಗ್ಗೆ ಇಷ್ಟು ಚಿಂತೆ ಬೇಡ. ಇಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ‘ಪಾರ್ಲೆ’ ಎಂದರೆ ಅಂಪಾರ್ಫೆಯ ಕೊನೆಯ ಸ್ವರಕ್ಕೂ ಪಾಸೆ ಕೊಂಪೊಜೆಯ ಕೊನೆಯ ಸ್ವರಕ್ಕೂ ಹೆಚ್ಚು ವ್ಯತ್ಯಾಸ ಕೇಳಿಸುವುದೇ ಇಲ್ಲ. ಆರು ವರ್ಷದಿಂದ ಇದ್ದೇನೆ, ಯಾರೂ ನನ್ನನ್ನು ತಿದ್ದಿಲ್ಲ.

ಹಳೆಯ ಕಪ್ಪುಹಲಗೆ
ಹೇಮಾವತಿಯವರು ಕೇಳಿದ್ದು ಉಚ್ಚಾರವನ್ನಲ್ಲ, ಆಯ್ಕೆಯನ್ನು. ಕೊನೆಯ ಸ್ವರ ಒಂದೇ ರೀತಿ ಕೇಳಿಸಿದರೂ ಮೊದಲಲ್ಲಿ ‘ಜ’ ಇದೆಯೋ ‘ಜೆ’ ಇದೆಯೋ ಎಂಬುದನ್ನು ಅಲ್ಲಿಯವರ ಕಿವಿ ಹಿಡಿಯುತ್ತದೆ. ‘ಜ ಪಾರ್ಲೆ’, ‘ಜೆ ಪಾರ್ಲೆ’ ಬೇರೆ ಬೇರೆ. ಯಾರೂ ತಿದ್ದದೆ ಇರುವುದಕ್ಕೆ ಸೌಜನ್ಯವೂ ಕಾರಣವಿರಬಹುದು.

ತುಲೂಸ್ ನಿವಾಸಿ
ಸೌಜನ್ಯ ಎಂದಾಗ ಒಂದು ಸಂಗತಿ ನೆನಪಾಯಿತು. ಸಹೋದ್ಯೋಗಿಯೊಬ್ಬಳ ತಂದೆ ಆಸ್ಪತ್ರೆಯಲ್ಲಿದ್ದರು. ನನಗೆ ತಿಳಿದದ್ದು ಹಿಂದಿನ ಸಂಜೆ. ಮರುದಿನ ಅವಳಿಗೆ ‘ಜ ಸವೆ’ ಎಂದೆ. ‘ತಿಳಿಯಿತು’ ಎನ್ನುವುದು ನನ್ನ ಉದ್ದೇಶ. ಅವಳ ಮುಖ ಬಾಡಿತು. ‘ಗೊತ್ತಿತ್ತೇ? ಹಾಗಾದರೆ ಒಂದು ಫೋನ್ ಕೂಡ ಮಾಡಲಿಲ್ಲವಲ್ಲ’ ಎಂದಳು. ‘ಜೆ ಸು’ ಎನ್ನಬೇಕಿತ್ತೆಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ನನ್ನ ಮೊದಲಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹೇಮಾವತಿ ದಂಡೆ
ಗೊತ್ತಿತ್ತು, ಗೊತ್ತಾಯಿತು! ನಮ್ಮ ಕನ್ನಡದಲ್ಲೇ ಇದೆಯಲ್ಲ. ಭಯವಿತ್ತು ಎಂದರೆ ‘ಜಾವೆ ಪರ್’, ಭಯವಾಯಿತು ಎಂದರೆ ‘ಜೆ ಯು ಪರ್’. ನನ್ನ ಮನಸ್ಸಿನಲ್ಲಿ ಇದ್ದದ್ದು ‘ಭಯವಾಯಿತು’, ಬರೆದದ್ದು ‘ಭಯವಿತ್ತು’.

ಬಯಲುಸೀಮೆ
ಲೂಯಿಯ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ, ಸೋತೆ. ಆದರೆ ಈಗ ಸುಲಭವಾಯಿತಲ್ಲ: ‘ಇತ್ತು’, ‘ಉತ್ತಿದ್ದ’ ಕಂಡರೆ ಅಂಪಾರ್ಫೆ, ‘ಆಯಿತು’, ‘ಬಂದ’, ‘ಹೋದ’ ಕಂಡರೆ ಪಾಸೆ ಕೊಂಪೊಜೆ. ಇನ್ನು ಯೋಚಿಸುವ ಅಗತ್ಯವೇ ಇಲ್ಲ.

ಹಳೆಯ ಕಪ್ಪುಹಲಗೆ
ಇದೆ. ‘ಉತ್ತಿದ್ದ’ ಬಹಳ ದೂರ ಜೊತೆಗೆ ಬರುತ್ತದೆ, ಅದು ನಿಜ. ‘ಆಗ ಓದುತ್ತಿದ್ದೆ’ ಎಂಬುದಕ್ಕೂ ‘ಚಿಕ್ಕಂದಿನಲ್ಲಿ ದಿನಾ ಓದುತ್ತಿದ್ದೆ’ ಎಂಬುದಕ್ಕೂ ನಮ್ಮಲ್ಲಿ ಒಂದೇ ರೂಪ, ಅಂಪಾರ್ಫೆಯಲ್ಲೂ ಹಾಗೆಯೇ. ‘ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೀಳುತ್ತಿದ್ದೆ’ ಎನ್ನುವಲ್ಲಿ ಫ್ರೆಂಚರೂ ‘ಆಂ ಪಾ ದ ಪ್ಲುಸ್ ಎ ಜ ತೊಂಬೆ’ ಎಂದು ಅಂಪಾರ್ಫೆಯನ್ನೇ ಬಳಸುತ್ತಾರೆ. ‘ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು’ ಎಂದು ನಾವು ವಿನಯದಿಂದ ಹೇಳುವಂತೆ ಅವರು ‘ಜ ವೂಲೆ ವೂ ದಮಾಂದೆ’ ಎನ್ನುತ್ತಾರೆ.

ಕೈಕೊಡುವುದು ‘ಇತ್ತು’, ‘ಇದ್ದೆ’. ಕನ್ನಡದಲ್ಲಿ ‘ಆಗ ಜ್ವರ ಇತ್ತು’, ‘ಮೂರು ದಿನ ಜ್ವರ ಇತ್ತು’ ಎರಡಕ್ಕೂ ಒಂದೇ ‘ಇತ್ತು’ ಸಾಕು. ಫ್ರೆಂಚ್ ಅಲ್ಲಿ ಬೇರೆಯಾಗುತ್ತದೆ. ಹೇಮಾವತಿಯವರ ಮೊದಲ ಕೆಂಪು ಗೆರೆ ಬಿದ್ದದ್ದು ಸರಿಯಾಗಿ ಆ ಜಾಗದಲ್ಲಿ. ‘ಇದ್ದೆ’ ಎಂದು ಬರೆಯುವಾಗಲೆಲ್ಲ ಅದರ ಅವಧಿಯನ್ನು ಅಳೆದು ಹೇಳಿದ್ದೀರಾ ಎಂದು ನೋಡಿಕೊಳ್ಳಿ.

ನಿದ್ದೆಯ ವಾಕ್ಯವನ್ನು ತಿರುಗಿಸಿ ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಕಾಂ ಲ ಮೆದ್ಸಾಂ ಎತಾರಿವೆ, ಜ ದೊರ್ಮೆ’ ಎಂದರೆ ವೈದ್ಯರು ಬರುವಾಗಲೇ ನಿದ್ದೆ ನಡೆದಿತ್ತು. ಅಲ್ಲಿ ‘ಜೆ ದೊರ್ಮಿ’ ಎಂದು ಹಾಕಿದರೆ, ವೈದ್ಯರು ಬಂದರು, ಆಮೇಲೆ ನೀವು ಮಲಗಿಬಿಟ್ಟಿರಿ ಎಂದಾಗುತ್ತದೆ. ಪಾಸೆ ಕೊಂಪೊಜೆಗಳು ಒಂದರ ಹಿಂದೆ ಒಂದು ಹೆಜ್ಜೆ ಹಾಕಿ ಕಥೆಯನ್ನು ಮುಂದಕ್ಕೆ ಒಯ್ಯುತ್ತವೆ. ಅಂಪಾರ್ಫೆ ನಿಂತಲ್ಲೇ ನಿಂತು ಸುತ್ತಲಿನದನ್ನು ತೋರಿಸುತ್ತದೆ.

ಗ್ರಂಥಾಲಯದ ಮೂಲೆ
ಪುಸ್ತಕದ ಕಥೆಗಳಲ್ಲಿ ನನಗೆ ಪಾಸೆ ಕೊಂಪೊಜೆ ಸಿಗುವುದೇ ಅಪರೂಪ. ‘ಇಲ್ ಎತೆ ಯೂನ್ ಫ್ವಾ’ ಎಂದು ಅಂಪಾರ್ಫೆಯಲ್ಲಿ ಆರಂಭವಾಗುತ್ತದೆ, ‘ಒಂದು ದಿನ’ ಎಂದ ಕೂಡಲೇ ಪಾಸೆ ಸಾಂಪ್ಲ್ ಬರುತ್ತದೆ.

ಹಳೆಯ ಕಪ್ಪುಹಲಗೆ
ಹೌದು, ಬರಹದ ಕಥೆಯಲ್ಲಿ ಹೆಜ್ಜೆ ಹಾಕುವ ಕೆಲಸ ಪಾಸೆ ಸಾಂಪ್ಲ್‌ನದು. ಅಂಪಾರ್ಫೆಯ ಜಾಗ ಬದಲಾಗುವುದಿಲ್ಲ. ಸದ್ಯಕ್ಕೆ ಪಾಸೆ ಸಾಂಪ್ಲ್ ಅನ್ನು ಓದಿ ಗುರುತಿಸಿದರೆ ಸಾಕು, ಮಾತಿನಲ್ಲಿ ಬೇಡ.

ಗ್ರಂಥಾಲಯದ ಮೂಲೆ
ಹಾಗಾದರೆ ಕ್ರೀಡಾ ವರದಿಗಳ ಕಥೆ ಏನು? 1998ರ ವಿಶ್ವಕಪ್ ಫೈನಲ್ ಬಗ್ಗೆ ‘27ನೆಯ ನಿಮಿಷದಲ್ಲಿ ಜಿದಾನ್ ಮೊದಲ ಗೋಲು ಹೊಡೆದ’ ಎನ್ನಲು ‘ಜಿದಾನ್ ಮಾರ್ಕೆ’ ಎಂದು ಅಂಪಾರ್ಫೆಯಲ್ಲಿ ಬರೆಯಬಹುದು. ಆ ಶೈಲಿ ಫ್ರೆಂಚ್ ಪತ್ರಿಕೆಗಳಲ್ಲಿ ನನಗೆ ಆಗಾಗ ಸಿಗುತ್ತದೆ. ಅದು ಒಂದೇ ಹೊಡೆತ, ನಿಮಿಷವೂ ನಿಗದಿ, ಮುಗಿದ ಸಂಗತಿ. ನಿಮ್ಮ ಒಳಗೆ, ಹೊರಗೆ ಇಲ್ಲಿ ನಿಲ್ಲುವುದಿಲ್ಲ.

ಹಳೆಯ ಕಪ್ಪುಹಲಗೆ
ಅದು ಬರಹದ ಶೈಲಿ. ಓದುಗರನ್ನು ಆ ಕ್ಷಣದ ಒಳಗೇ ನಿಲ್ಲಿಸಿ ಚೆಂಡು ಬಲೆಗೆ ಹೋಗುವುದನ್ನು ತೋರಿಸುತ್ತದೆ. ನಿಗದಿತ ಸಮಯ ವಾಕ್ಯದಲ್ಲೇ ಇರುವುದರಿಂದ ಗೊಂದಲವಾಗುವುದಿಲ್ಲ. ಪರೀಕ್ಷೆಯಲ್ಲಿ ಬರೆದರೆ ತಪ್ಪೆಂದು ಅಂಕ ಹೋದೀತು.

ಗ್ರಂಥಾಲಯದ ಮೂಲೆ
ಅಂಕದ ಭಯ ಒಪ್ಪುತ್ತೇನೆ, ವಿವರಣೆ ಒಪ್ಪುವುದಿಲ್ಲ. ಒಂದು ಕ್ಷಣದ ‘ಒಳಗೆ’ ನಿಲ್ಲಬಹುದಾದರೆ ಯಾವ ಕ್ರಿಯೆಯ ಒಳಗೆ ಬೇಕಾದರೂ ನಿಲ್ಲಬಹುದು. ಆಗ ಆಯ್ಕೆ ಬರೆಯುವವರ ಮನಸ್ಸಿಗೆ ಬಿಟ್ಟದ್ದಾಗುತ್ತದೆ.

ಹಳೆಯ ಕಪ್ಪುಹಲಗೆ
ಬಹಳ ಮಟ್ಟಿಗೆ ಹಾಗೆಯೇ. ಆದರೆ ‘ಮೂರು ದಿನ’ ಎಂದು ಅಳೆದು ಕೊಟ್ಟ ಮೇಲೆ ಆ ಸ್ವಾತಂತ್ರ್ಯ ಹೆಚ್ಚು ಉಳಿಯುವುದಿಲ್ಲ.

ಹೇಮಾವತಿ ದಂಡೆ
ಎರಡು ವಾಕ್ಯ ತಿದ್ದಿದೆ, ಐದನೆಯದನ್ನು ಸೇರಿಸಿದೆ: ನಾಲ್ಕನೆಯ ದಿನ ತರಗತಿಗೆ ಬಂದೆ, ಇನ್ನೂ ಸುಸ್ತಿತ್ತು. ಬಂದದ್ದು ಪಾಸೆ ಕೊಂಪೊಜೆ. ಸುಸ್ತು ಎಷ್ಟು ದಿನ ಎಂದು ಅಳೆದಿಲ್ಲ, ಆದ್ದರಿಂದ ‘ಜೆತೆ ಆಂಕೋರ್ ಫಾತಿಗೆ’ ಎಂದು ಅಂಪಾರ್ಫೆಯಲ್ಲೇ ಬಿಟ್ಟಿದ್ದೇನೆ.