ಕೊನೆಯ ದಿನಾಂಕ ಎಲ್ಲಿಂದ ಬಂತು? ಸಣ್ಣ ಮಾರಾಟಗಾರರ ಗುಂಪಿನ ಪ್ರಶ್ನೋತ್ತರ

ಸಾಗರದ ಉಪ್ಪಿನಕಾಯಿ ತಯಾರಕಿ: ಮೇಡಂ, ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಬೆಲೆ ಬಾಟಲಿಗೆ 600 ರೂಪಾಯಿ, ಮುಂಗಡ ಕೊಟ್ಟವರಿಗೆ 520. ಕಳೆದ ವರ್ಷ ಕೊನೆಯ ದಿನವನ್ನು ಎರಡು ಸಲ ಮುಂದೂಡಿದೆ, ಈಗ ಯಾರೂ ನಂಬುತ್ತಿಲ್ಲ. ಈ ಸಲ ಮಾರ್ಚ್ 31 ಎಂದು ಹಾಕಲೇ? 6000 ಮಿಡಿ ಕೊಳ್ಳುತ್ತೇನೆ, ಒಂದು ಬಾಟಲಿಗೆ ಸುಮಾರು 40 ಹಿಡಿಯುತ್ತವೆ.

ಸಲಹೆಗಾರರು: ಮಾರ್ಚ್ 31 ಎಂಬುದು ಎಲ್ಲಿಂದ ಬಂತು? ಮಿಡಿ ನಿಮ್ಮ ಮನೆಗೆ ಬರುವುದು ಯಾವಾಗ, ಎಷ್ಟು ಬೇಕೆಂದು ತೋಟದವರಿಗೆ ಯಾವಾಗ ಹೇಳಬೇಕು, ಉಪ್ಪಿಗೆ ಹಾಕಿದ ಮೇಲೆ ಎಷ್ಟು ಹಾಳಾಗುತ್ತವೆ ಎಂಬುದನ್ನು ತಿಳಿಸಿ.

ಉಪ್ಪಿನಕಾಯಿ ತಯಾರಕಿ: ಮಾರ್ಚ್ 20ರ ಸುಮಾರಿಗೆ ಬರುತ್ತದೆ. ಐದು ದಿನ ಮೊದಲು ಲೆಕ್ಕ ಕೊಡಬೇಕು. ತೊಟ್ಟು ಮುರಿದದ್ದು, ಮೆತ್ತಗಾದದ್ದು ಸೇರಿ ಹತ್ತರಲ್ಲಿ ಒಂದು ಹೋಗುತ್ತದೆ. ಒಂದು ವರ್ಷ ಆಲಿಕಲ್ಲು ಬಿದ್ದು ನಾಲ್ಕರಲ್ಲಿ ಒಂದು ಹೋಯಿತು. 31 ತಿಂಗಳ ಕೊನೆಯಲ್ಲವೇ, ಅದಕ್ಕೆ ಹಾಕಿದೆ.

ಮೈಸೂರಿನ ಸದಸ್ಯರು: ಉಚಿತವಾಗಿ ಸಿಗುವ ಕೌಂಟ್‌ಡೌನ್ ಟೈಮರ್ ಯಾವುದು ಒಳ್ಳೆಯದು?

ಸಲಹೆಗಾರರು: ನಿಮ್ಮ ಕೊಡುಗೆ ನಿಜವಾಗಿ ಮುಗಿಯುವ ದಿನವಿದ್ದರೆ ಯಾವುದಾದರೂ ಆದೀತು. ಇಲ್ಲದಿದ್ದರೆ ಯಾವುದೂ ಬೇಡ.

ಸಾಗರದವರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕೊನೆಯ ದಿನ ಮಾರ್ಚ್ 15, ಏಕೆಂದರೆ ಅಂದು ನೀವು ತೋಟದವರಿಗೆ ಮಾತು ಕೊಡುತ್ತೀರಿ, ಮತ್ತು ಮಿಡಿ ಉಪ್ಪಿಗೆ ಬಿದ್ದ ಮೇಲೆ ಆ ವರ್ಷದ ಭರಣಿಗೆ ಇನ್ನೊಂದು ಬಾಟಲಿಯಷ್ಟು ಸೇರಿಸಲು ಬರುವುದಿಲ್ಲ. ಮಾರ್ಚ್ 31ರ ಮಧ್ಯರಾತ್ರಿ ನಿಮ್ಮ ಮನೆಯಲ್ಲಿ ಏನೂ ಬದಲಾಗದು. ಕಳೆದ ವರ್ಷ ನಿಮ್ಮಿಂದ ಅಷ್ಟು ಸುಲಭವಾಗಿ ಮುಂದೂಡಲು ಆದದ್ದೂ ಅದಕ್ಕೇ. ಮುಂದೂಡಿದರೆ ನಿಮಗೇ ನಷ್ಟವಾಗುವ ದಿನವನ್ನು ಹಾಕಿದರೆ ಮುಂದೂಡುವ ಆಸೆ ನಿಮಗೇ ಹುಟ್ಟುವುದಿಲ್ಲ.

ಇನ್ನು ಎಣಿಕೆ. ಸಾಧಾರಣ ವರ್ಷದಲ್ಲಿ 5400 ಮಿಡಿ ಉಳಿದು 135 ಬಾಟಲಿಯಾಗುತ್ತದೆ, ಆಲಿಕಲ್ಲಿನ ವರ್ಷದಲ್ಲಿ 4500 ಉಳಿದು 112 ಆಗುತ್ತದೆ. ಹಣ ಪಡೆದು ಮಾತು ಕೊಡುವುದಾದರೆ ಕೆಟ್ಟ ವರ್ಷದ ಲೆಕ್ಕದಲ್ಲೇ ಕೊಡಬೇಕು, ಆದ್ದರಿಂದ ಮುಂಗಡಕ್ಕೆ 110ರಲ್ಲಿ ನಿಲ್ಲಿಸಿ. ನನಗೆ ಆತಂಕವಿರುವುದು ಇದರ ಮುಂದಿನ ಹೆಜ್ಜೆಯ ಬಗ್ಗೆ. ನೀವು ‘110 ಬಾಟಲಿ ಮಾತ್ರ’ ಎಂದು ಬರೆದು, ಮಳೆ ಅನುಕೂಲವಾಗಿ, ಜೂನ್‌ನಲ್ಲಿ ಉಳಿದ 25 ಬಾಟಲಿಗಳನ್ನು ಮಾರಾಟಕ್ಕೆ ಇಟ್ಟರೆ, ಅವಸರದಿಂದ ಮುಂಗಡ ಕೊಟ್ಟವರಿಗೆ ತಾವು ಮೋಸಹೋದೆವು ಎನಿಸುತ್ತದೆ. ನೀವು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂದು ಆಮೇಲೆ ಎಷ್ಟು ವಿವರಿಸಿದರೂ ಪ್ರಯೋಜನವಿಲ್ಲ. ಹೀಗಾಗಿ ‘ಮುಂಗಡಕ್ಕೆ 110, ಮಿಡಿ ಚೆನ್ನಾಗಿ ಉಳಿದರೆ ಇನ್ನಷ್ಟು ಬಾಟಲಿ ಜೂನ್‌ನಲ್ಲಿ 600ಕ್ಕೆ ಸಿಗಬಹುದು’ ಎಂದು ಮೊದಲೇ ಹೇಳಿಬಿಡಿ. ಇದರಿಂದ ಅವಸರ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಕಡಿಮೆಯಾಗುವುದು ಸುಳ್ಳು ಅವಸರದ ಪಾಲು ಮಾತ್ರ.

80 ರೂಪಾಯಿ ಕಡಿತಕ್ಕೂ ಕಾರಣ ಬರೆಯಿರಿ: ಮುಂಗಡ ಬಂದರೆ ಮಿಡಿಗೂ ಉಪ್ಪಿಗೂ ನೀವು ಸಾಲ ಮಾಡಬೇಕಾಗಿಲ್ಲ. 16ನೆಯ ತಾರೀಖು ಯಾರು ಕೇಳಿದರೂ, ಸೋದರತ್ತೆಯೇ ಕೇಳಿದರೂ, ಬೆಲೆ 600.

ಧಾರವಾಡದ ಸದಸ್ಯರು: ಇಷ್ಟೆಲ್ಲ ಏಕೆ? ಎಲ್ಲ ಗುಂಪುಗಳಲ್ಲಿ ಬಂದಿರುವ ‘ಮಾರಾಟ ದುಪ್ಪಟ್ಟು ಮಾಡುವ 10 ಸಾಲುಗಳು’ ಸಂದೇಶವನ್ನು ಕಳುಹಿಸಿದ್ದೇನೆ. ‘ಇನ್ನು 3 ಮಾತ್ರ’, ‘18 ಜನ ಈಗ ನೋಡುತ್ತಿದ್ದಾರೆ’ ಎಂದು ಹಾಕಿದರೆ ಸಾಕು.

ಸಲಹೆಗಾರರು: ಈ ಸಂದೇಶ ಇಲ್ಲಿಗೆ ಬರುತ್ತಿರುವುದು ಇದೇ ಮೊದಲಲ್ಲ. ಆ 18 ಜನರನ್ನು ಎಣಿಸಿದವರು ಯಾರು? 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ವಂಚಕ ವಿನ್ಯಾಸಗಳ ಪಟ್ಟಿಯಿದ್ದು, ಅದರಲ್ಲಿ ಮೊದಲನೆಯದೇ ಸುಳ್ಳು ಅವಸರ. ‘ಎರಡೇ ಕೊಠಡಿ ಉಳಿದಿವೆ, 30 ಜನ ನೋಡುತ್ತಿದ್ದಾರೆ’ ಎಂಬಂಥ ಸಾಲನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ದಯವಿಟ್ಟು ಆ ಸಂದೇಶವನ್ನು ಅಳಿಸಿಹಾಕಿ.

ಧಾರವಾಡದ ಸದಸ್ಯರು: ಆ ನಿಯಮ ದೊಡ್ಡ ಜಾಲತಾಣಗಳಿಗೆ. ನಮ್ಮಂಥವರಿಗೆ ಅನ್ವಯಿಸುವುದಿಲ್ಲ.

ಸಲಹೆಗಾರರು: ಮಾರಾಟಗಾರರಿಗೂ ಜಾಹೀರಾತುದಾರರಿಗೂ ಅನ್ವಯಿಸುತ್ತದೆ. ಓದಿ ಬಂದು ವಾದಿಸಿ.

ಇಳಕಲ್ ಸೀರೆ ಮಾರುವವರು: ನನ್ನದು ಬೇರೆ ಸಮಸ್ಯೆ. ನನ್ನ ಬಳಿ ನಿಜವಾಗಿಯೂ ಐದೇ ಸೀರೆಗಳಿರುತ್ತವೆ, ಏಕೆಂದರೆ ಐದೈದೇ ತರಿಸುತ್ತೇನೆ. ಕೇಳಿದರೆ ನಾಲ್ಕು ದಿನದಲ್ಲಿ ಇನ್ನೂ ಐದು ಬರುತ್ತವೆ. ‘ಐದೇ ಉಳಿದಿವೆ’ ಎನ್ನುವುದು ತಪ್ಪೇ?

ಸಲಹೆಗಾರರು: ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ‘ಕೈಯಲ್ಲಿ ಐದಿವೆ, ಮುಂದಿನವು ನಾಲ್ಕು ದಿನದ ಮೇಲೆ’ ಎಂದು ಬರೆಯಿರಿ. ಈ ಶುಕ್ರವಾರದ ಮದುವೆಗೆ ಸೀರೆ ಬೇಕಾದವರಿಗೆ ಅಷ್ಟೇ ಸಾಕಷ್ಟು ಅವಸರ ಹುಟ್ಟಿಸುತ್ತದೆ. ಉಳಿದವರಿಗೆ ಅವಸರವೇ ಇಲ್ಲ.

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ: ಹಾಗೆ ಬರೆದರೆ ಯಾರು ಕೊಳ್ಳುತ್ತಾರೆ? ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಗೋದಾಮಿನಲ್ಲಿ ಎಷ್ಟಿದೆ ಎಂದು ಗಿರಾಕಿಗೆ ಯಾವ ವ್ಯಾಪಾರಿಯೂ ಹೇಳುವುದಿಲ್ಲ.

ಸೀರೆ ಮಾರುವವರು: ಹೇಳದೇ ಇರುವುದು ಬೇರೆ, ಮುಗಿಯಿತು ಎನ್ನುವುದು ಬೇರೆ ಅಲ್ಲವೇ ಅಣ್ಣಾ?

ಬಟ್ಟೆ ವ್ಯಾಪಾರಿ: ಫೋನಿನಲ್ಲಿ ಐದು ಸೀರೆ ಮಾರಿದವರಿಂದ ನಾನು ವ್ಯಾಪಾರ ಕಲಿಯಬೇಕಾಗಿಲ್ಲ.

ಸೀರೆ ಮಾರುವವರು: ನಿಮ್ಮ ಅಂಗಡಿಯ ‘ಅಂತಿಮ ಮೂರು ದಿನ’ ಫಲಕವನ್ನು ಯುಗಾದಿಯಿಂದ ದೀಪಾವಳಿಯವರೆಗೆ ನಾನೇ ನೋಡಿದ್ದೇನೆ.

ತುಮಕೂರಿನ ಸದಸ್ಯೆ: ಮೇಡಂ, ರಿಯಾಯಿತಿ ಎಂದು ತರಿಸಿದ ಮಿಕ್ಸಿ ಇನ್ನೂ ಬಂದಿಲ್ಲ. ಕೊನೆಯ ದಿನದ ಕೊಡುಗೆಗೆ ಹಣ ವಾಪಸು ಬರುವುದಿಲ್ಲವೇ?

ಸಲಹೆಗಾರರು: ಇದು ಮಾರುವವರ ಗುಂಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮೈಸೂರಿನ ಸದಸ್ಯರು: ಟೈಮರ್ ಬಗ್ಗೆ ಕೇಳಿದ್ದೆ. ಪ್ರತಿ ಗಿರಾಕಿಗೂ ಬಂದ ಕ್ಷಣದಿಂದ 15 ನಿಮಿಷ ಎಣಿಸುವಂಥದ್ದು ಒಂದಿದೆಯಂತೆ?

ಸಲಹೆಗಾರರು: ಇದೆ. ಬೇಡವೆಂದದ್ದು ಅದನ್ನೇ. ಗಿರಾಕಿ ಅದೇ ಪುಟವನ್ನು ಖಾಸಗಿ ಕಿಟಕಿಯಲ್ಲೋ ಗಂಡನ ಫೋನಿನಲ್ಲೋ ತೆರೆದರೆ 15 ನಿಮಿಷ ಮತ್ತೆ ಮೊದಲಿಂದ ಶುರುವಾಗುತ್ತದೆ, ಮತ್ತು ಅದರ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಅವರ ಕುಟುಂಬದ ಗುಂಪಿನಲ್ಲಿರುತ್ತದೆ. ಮೂರನೆಯ ಸಲ ಕೇಳಬೇಡಿ.

ಮಂಗಳೂರಿನ ಸದಸ್ಯರು: ಮುಂಗಡ ಪಡೆಯಲು ಯಾವ ಪಾವತಿ ವ್ಯವಸ್ಥೆ ಅಗ್ಗ?

ಉಪ್ಪಿನಕಾಯಿ ತಯಾರಕಿ: ಮೇಡಂ, ಬರೆದಿದ್ದೇನೆ: ‘ಮುಂಗಡಕ್ಕೆ 110, ಮಾರ್ಚ್ 15ರವರೆಗೆ 520, ಆಮೇಲೆ 600. ಬೇಗನೆ ಮುಗಿಯುತ್ತಿದೆ!’ ದಿನಕ್ಕೆ ಎಷ್ಟು ಸಲ ಎಣಿಕೆ ಹಾಕಲಿ?

ಸಲಹೆಗಾರರು: ಕೊನೆಯ ವಾಕ್ಯವನ್ನು ತೆಗೆಯಿರಿ, ಇನ್ನೂ ಒಂದು ಬಾಟಲಿಗೂ ಮುಂಗಡ ಬಂದಿಲ್ಲ. ಜೂನ್‌ನ ಮಾತು ಬಿಟ್ಟುಹೋಗಿದೆ, ಸೇರಿಸಿ. ಎಣಿಕೆಯನ್ನು ಸಂಜೆ ಒಂದು ಸಲ, ಪುಸ್ತಕದಲ್ಲಿ ಇರುವಂತೆಯೇ ಹಾಕಿ. ಯಾರಾದರೂ ರದ್ದು ಮಾಡಿ 62 ಇದ್ದದ್ದು 64 ಉಳಿದರೆ 64 ಎಂದೇ ಹಾಕಿ. ಎಣಿಕೆ ಒಮ್ಮೊಮ್ಮೆ ಏರುವುದನ್ನು ಕಂಡವರು ಅದು ಇಳಿದಾಗಲೂ ನಂಬುತ್ತಾರೆ. ಆಲಿಕಲ್ಲು ಬಿದ್ದು ತೋಟದವರೇ ಕೊಯ್ಲನ್ನು ಒಂದು ವಾರ ಮುಂದೆ ಹಾಕಿದರೆ ಮಾತ್ರ ನಿಮ್ಮ ದಿನವನ್ನೂ ಮುಂದೆ ಹಾಕಬಹುದು, ಆಗಲೂ ಕಾರಣವನ್ನು ಅದೇ ಸಂದೇಶದಲ್ಲಿ ಬರೆಯಿರಿ.

ಉಪ್ಪಿನಕಾಯಿ ತಯಾರಕಿ: 15ರ ರಾತ್ರಿ 40 ಬಾಟಲಿಗೆ ಮುಂಗಡ ಬಾರದೇ ಉಳಿದರೆ?

ಸಲಹೆಗಾರರು: 70 ಬಾಟಲಿಗೆ ಬೇಕಾದ ಮಿಡಿಯನ್ನು, ಹಾಳಾಗುವುದನ್ನೂ ಸೇರಿಸಿ, ತೋಟದವರಿಗೆ ಹೇಳಿ. ಜೂನ್‌ನಲ್ಲಿ 600ಕ್ಕೆ ಮಾರಬಲ್ಲೆ ಎಂಬ ಧೈರ್ಯವಿದ್ದರೆ ಅದಕ್ಕೆ ಬೇಕಾದಷ್ಟು ಹೆಚ್ಚಿಗೆ ಹೇಳಿ. ದಿನವನ್ನು ಮಾತ್ರ ಮುಟ್ಟಬೇಡಿ.

ಬಟ್ಟೆ ವ್ಯಾಪಾರಿ: 40 ಬಾಟಲಿ ಕಳೆದುಕೊಳ್ಳುವ ಸಲಹೆಗೆ ಶುಲ್ಕ ಬೇರೆ ಇದೆಯೇ ಮೇಡಂ?

ಸಲಹೆಗಾರರು: ಕೊಳ್ಳದ ಮಿಡಿಯಲ್ಲಿ ಯಾರೂ ಕಳೆದುಕೊಳ್ಳುವುದಿಲ್ಲ ಸ್ವಾಮಿ. ನಿಮಗೆ ಉತ್ತರಿಸುವುದನ್ನು ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಮೈಸೂರಿನ ಸದಸ್ಯರು: ಹಾಗಾದರೆ 24 ಗಂಟೆಯ ಟೈಮರ್ ಪರವಾಗಿಲ್ಲವೇ?