ಶನಿಯ ಮೂರನೇ ದೃಷ್ಟಿಯೋ, ಸೆಕ್ಸ್‌ಟೈಲೋ? ಒಂದು ಜಾತಕ, ಎರಡು ಲೆಕ್ಕ

ಸಹನಾ: ಭಟ್ಟರೇ, ನಮಸ್ಕಾರ. ನನ್ನದು ತುಲಾ ಲಗ್ನ, ಹುಟ್ಟಿದ್ದು 1994ರಲ್ಲಿ. ಲಗ್ನದಲ್ಲಿ ಗುರು 20 ಡಿಗ್ರಿ, ಐದರಲ್ಲಿ ಕುಂಭದಲ್ಲಿ ಶನಿ 12, ಅಲ್ಲೇ ಕುಜ 13, ಏಳರಲ್ಲಿ ಮೇಷದಲ್ಲಿ ಚಂದ್ರ 15. ಊರಲ್ಲಿ ಜಾತಕ ತೋರಿಸಿದಾಗ ‘ಶನಿಯ ಮೂರನೇ ದೃಷ್ಟಿ ಚಂದ್ರನ ಮೇಲೆ ಬಿದ್ದಿದೆ, ಅದಕ್ಕೇ ಮದುವೆ ತಡ’ ಅಂದರು. ನನ್ನ ಫೋನ್‌ನಲ್ಲಿರೋ ಪಾಶ್ಚಾತ್ಯ ಜ್ಯೋತಿಷ್ಯದ ಆಪ್ ಅದೇ ಶನಿ-ಚಂದ್ರರನ್ನ ಸೆಕ್ಸ್‌ಟೈಲ್ ಅಂತ ತೋರಿಸುತ್ತೆ, ‘ಒಳ್ಳೆಯದು, ಸ್ಥಿರವಾದ ಮನಸ್ಸು’ ಅಂತ ಬರೆದಿದೆ. ಗುರು-ಚಂದ್ರರಿಗೆ ಮಾತ್ರ ಅಪೊಸಿಷನ್, ‘ಎಳೆದಾಟ’ ಅಂತ ಇದೆ. ಊರಲ್ಲಿ ಅದನ್ನೇ ಗಜಕೇಸರಿ ಅಂದಿದ್ದರು. ಎರಡೂ ಕಡೆ ಪೂರ್ತಿ ಉಲ್ಟಾ ಯಾಕೆ ಬರುತ್ತೆ?

ಗಿರೀಶ: ಆಪ್‌ನವರು ಎರಡು ಪದ್ಧತಿಯ ರಾಶಿಚಕ್ರಗಳ ನಡುವಿನ ವ್ಯತ್ಯಾಸವಾದ ಅಯನಾಂಶ ಕಳೆಯೋದೇ ಇಲ್ಲ. ಶನಿ ಅವರಲ್ಲಿ ಮೀನಕ್ಕೆ ಹೋಗಿರುತ್ತಾನೆ, ಚಂದ್ರ ವೃಷಭಕ್ಕೆ. ರಾಶಿಯೇ ತಪ್ಪಾದ ಮೇಲೆ ದೃಷ್ಟಿಯೂ ತಪ್ಪು. ಅದನ್ನ ಸುಮ್ನೆ ಬಿಟ್ಟುಬಿಡಿ.

ಭಟ್ಟರು (ಜ್ಯೋತಿಷಿ): ಗಿರೀಶ್, ರಾಶಿ ಬದಲಾಗುತ್ತೆ ಅನ್ನೋದು ನಿಜ. ಆದರೆ ಅಯನಾಂಶ ಇಬ್ಬರಿಗೂ ಒಂದೇ. ಶನಿಗೂ ಸುಮಾರು 24 ಡಿಗ್ರಿ ಸೇರಿಸಿ, ಚಂದ್ರನಿಗೂ ಅಷ್ಟೇ ಸೇರಿಸಿದರೆ ಇಬ್ಬರ ನಡುವಿನ ಅಂತರ ಹಾಗೇ ಇರುತ್ತೆ. ಕುಂಭ 12ರಿಂದ ಮೇಷ 15ಕ್ಕೆ 63 ಡಿಗ್ರಿ. ಆಪ್‌ನಲ್ಲೂ ಅದೇ 63. ಅವರಿಗೆ ಸೆಕ್ಸ್‌ಟೈಲ್ ಅಂದರೆ 60, ನಾಲ್ಕೈದು ಡಿಗ್ರಿ ಆಚೀಚೆ ಆದರೂ ಒಪ್ಪುತ್ತಾರೆ. ಹಾಗಾಗಿ ಆಪ್ ಹೇಳಿದ್ದು ಅವರ ಲೆಕ್ಕದಲ್ಲಿ ಸರಿಯೇ.

ಸಹನಾ ಅವರೇ, ಉಲ್ಟಾ ಬರೋದಕ್ಕೆ ಕಾರಣ ಬೇರೆ. ಅಲ್ಲಿ ಗುಣ ಇರೋದು ಕೋನಕ್ಕೆ. ಯಾವ ಇಬ್ಬರು ಗ್ರಹರೇ ಆಗಲಿ, 60 ಮತ್ತು 120 ಹೊಂದಾಣಿಕೆ, 90 ಮತ್ತು 180 ಒತ್ತಡ. ನಮ್ಮಲ್ಲಿ ಗುಣ ಇರೋದು ನೋಡುವ ಗ್ರಹಕ್ಕೆ. ಗುರು ಎದುರಿಂದ ನೋಡಿದರೂ ಗುರುವೇ, ಶನಿ ಮೂರರಿಂದ ನೋಡಿದರೂ ಶನಿಯೇ. ಅದಕ್ಕೇ ನಿಮ್ಮ ಗುರು-ಚಂದ್ರರ 175 ಡಿಗ್ರಿ ಅಲ್ಲಿ ಎಳೆದಾಟ, ಇಲ್ಲಿ ಗುರುವಿನ ಏಳನೇ ದೃಷ್ಟಿ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಅಲ್ಲಿ ಆಸ್ಪೆಕ್ಟ್ ಇಬ್ಬರಿಗೂ ಸೇರಿದ್ದು. ಶನಿ ಚಂದ್ರನಿಗೆ ಸೆಕ್ಸ್‌ಟೈಲ್ ಆದರೆ ಚಂದ್ರನೂ ಶನಿಗೆ ಸೆಕ್ಸ್‌ಟೈಲ್. ನಮ್ಮಲ್ಲಿ ಗ್ರಹ ತಾನಿರುವ ಮನೆಯಿಂದ ಮುಂದಕ್ಕೆ ಎಣಿಸಿ ನೋಡುತ್ತೆ. ಕುಂಭದಿಂದ ಮೇಷ ಮೂರನೆಯದು, ಶನಿಗೆ ಕಾಣುತ್ತೆ. ಮೇಷದಿಂದ ಕುಂಭ ಹನ್ನೊಂದನೆಯದು, ಚಂದ್ರನಿಗೆ ಕಾಣೋದಿಲ್ಲ. ಅಂದರೆ ಶನಿ ನಿಮ್ಮ ಚಂದ್ರನನ್ನು ನೋಡುತ್ತಿದ್ದಾನೆ, ಚಂದ್ರ ತಿರುಗಿ ನೋಡುತ್ತಿಲ್ಲ. ಪಾಶ್ಚಾತ್ಯ ಚಾರ್ಟ್‌ನಲ್ಲಿ ಎಳೆಯುವ ಆ ಒಂದು ಗೆರೆ ಈ ವಿಷಯ ಹೇಳೋದೇ ಇಲ್ಲ.

ಸಹನಾ: ಹಾಗಾದರೆ ಊರಿನವರು ಹೇಳಿದ್ದೇ ಸರಿ ಅಂತಾಯ್ತಲ್ವಾ? ಶನಿ ನೋಡಿದ್ದಾನೆ, ಮದುವೆ ತಡ?

ಭಟ್ಟರು: ಇಲ್ಲ, ಅಷ್ಟು ಬೇಗ ಅಲ್ಲಿಗೆ ಹೋಗಬೇಡಿ. ಶನಿ ನೋಡುತ್ತಾನೆ ಅನ್ನೋದು ಸರಿ. ಎಷ್ಟು ನೋಡುತ್ತಾನೆ, ಯಾವ ಶನಿ ನೋಡುತ್ತಾನೆ ಅನ್ನೋ ಎರಡು ಪ್ರಶ್ನೆ ಬಾಕಿ ಇವೆ.

ಮೊದಲು ಎಷ್ಟು ಅನ್ನೋದು. ವಿಶೇಷ ದೃಷ್ಟಿ ಅಂದ ಕೂಡಲೇ ‘ಶನಿಗೆ ಮಾತ್ರ ಮೂರು-ಹತ್ತು, ಬೇರೆಯವರಿಗೆ ಇಲ್ಲವೇ ಇಲ್ಲ’ ಅಂತ ಜಾಸ್ತಿ ಜನ ತಿಳಿದಿದ್ದಾರೆ. ವರಾಹಮಿಹಿರ ಬೃಹಜ್ಜಾತಕದಲ್ಲಿ ಹೇಳೋದು ಬೇರೆ. ಎಲ್ಲ ಗ್ರಹಗಳೂ ಮೂರು-ಹತ್ತನ್ನು ಕಾಲು ಭಾಗ, ಐದು-ಒಂಬತ್ತನ್ನು ಅರ್ಧ, ನಾಲ್ಕು-ಎಂಟನ್ನು ಮುಕ್ಕಾಲು, ಏಳನ್ನು ಪೂರ್ತಿ ನೋಡುತ್ತವೆ. ಇದರಲ್ಲಿ ಕಾಲು ಇರೋದು ಶನಿಗೆ ಪೂರ್ತಿಯಾಗುತ್ತೆ, ಅರ್ಧ ಇರೋದು ಗುರುವಿಗೆ, ಮುಕ್ಕಾಲು ಇರೋದು ಕುಜನಿಗೆ. ಶನಿಗೆ ಸಿಕ್ಕ ಹೆಚ್ಚಳವೇ ಎಲ್ಲಕ್ಕಿಂತ ದೊಡ್ಡದು, ನೋಡಿ. ಬೇರೆಯವರು ಕಣ್ಣಂಚಲ್ಲಿ ನೋಡುವ ಜಾಗವನ್ನು ಅವನು ನೇರ ದಿಟ್ಟಿಸುತ್ತಾನೆ.

ಷಡ್ಬಲದಲ್ಲಿ ದೃಗ್ಬಲ ತೆಗೆಯುವಾಗ ಇದನ್ನು ಡಿಗ್ರಿ ಹಿಡಿದು ಲೆಕ್ಕ ಹಾಕುತ್ತೇವೆ. ಪೂರ್ಣ ದೃಷ್ಟಿಗೆ 60 ಅಂಕ. ಪರಾಶರ ಹೋರೆಯ ಕ್ರಮದಲ್ಲಿ ಶನಿಗೆ ಹೀಗೆ: ಅಂತರ 30ರಿಂದ 60ರೊಳಗೆ ಇದ್ದರೆ, 30 ಕಳೆದು ಉಳಿದದ್ದನ್ನು ಎರಡರಿಂದ ಗುಣಿಸಿ. 60ರಿಂದ 90ರೊಳಗೆ ಇದ್ದರೆ, 60ರ ಮೇಲೆ ಎಷ್ಟಿದೆಯೋ ಅದರ ಅರ್ಧವನ್ನು 60 ಅಂಕದಿಂದ ಕಳೆಯಿರಿ. ನಿಮ್ಮದು 63. ಮೂರರ ಅರ್ಧ ಒಂದೂವರೆ, ಅಂದರೆ 58.5. ಹೆಚ್ಚು ಕಡಿಮೆ ಪೂರ್ಣ ದೃಷ್ಟಿಯೇ.

ಇದನ್ನೇ ಬೇರೆ ಎರಡು ಜಾತಕದಲ್ಲಿ ಇಟ್ಟು ನೋಡಿ. ಶನಿ ಕುಂಭದ 28ರಲ್ಲಿ, ಚಂದ್ರ ಮೇಷದ 2ರಲ್ಲಿ ಅಂದುಕೊಳ್ಳಿ. ಮನೆ ಎಣಿಸಿದರೆ ಇದೂ ಮೂರನೇ ದೃಷ್ಟಿಯೇ. ಆದರೆ ಅಂತರ ಬರೀ 34 ಡಿಗ್ರಿ, ಅಂಕ 8. ಪಾಶ್ಚಾತ್ಯರು ಇಲ್ಲಿ ಸೆಕ್ಸ್‌ಟೈಲ್ ಇದೆ ಅನ್ನೋದೇ ಇಲ್ಲ. ಇನ್ನೊಂದರಲ್ಲಿ ಶನಿ ಕುಂಭದ 2, ಚಂದ್ರ ಮೇಷದ 28. ಮೂರನೇ ಮನೆಯೇ, ಅಂತರ 86, ಅಂಕ 47. ಇದನ್ನು ಅವರು ಸ್ಕ್ವೇರ್ ಅಂತ ಓದುತ್ತಾರೆ. ಮೂರೂ ಜಾತಕಕ್ಕೆ ‘ಶನಿಯ ಮೂರನೇ ದೃಷ್ಟಿ’ ಅಂತ ಒಂದೇ ಮಾತು ಬರೆದರೆ ಹೇಗೆ? ಜಾತಕ ಬರೆಯುವವರು ಡಿಗ್ರಿ ಹಾಕದೆ ಬರೀ ಕುಂಡಲಿ ಕೊಟ್ಟಾಗ ನನಗೆ ಬೇಜಾರಾಗೋದು ಇದಕ್ಕೇ.

ಶಾರದಮ್ಮ: ಭಟ್ಟರೇ, ನನ್ನ ಮಗನಿಗೂ ಶನಿ ಹತ್ತನೇ ಮನೆಯಲ್ಲಿದ್ದಾನೆ. ಹತ್ತನೇ ದೃಷ್ಟಿ ತುಂಬಾ ಕೆಟ್ಟದ್ದು ಅಂತಾರೆ. ಕೆಲಸಕ್ಕೆ ತೊಂದರೆಯಾ? ಎಳ್ಳೆಣ್ಣೆ ದೀಪ ಹಚ್ಚಿಸಲಾ?

ಭಟ್ಟರು: ಅಮ್ಮಾ, ಹತ್ತನೇ ಮನೆಯಲ್ಲಿ ಇರೋದು ಬೇರೆ, ಹತ್ತನೇ ದೃಷ್ಟಿ ಬೇರೆ. ದೃಷ್ಟಿಯನ್ನು ಲಗ್ನದಿಂದ ಎಣಿಸಬೇಡಿ, ಶನಿ ಕೂತಿರುವ ಮನೆಯನ್ನೇ ಒಂದು ಅಂತ ಹಿಡಿದು ಎಣಿಸಿ. ಹತ್ತರಲ್ಲಿ ಕೂತ ಶನಿ ಹನ್ನೆರಡು, ನಾಲ್ಕು, ಏಳು ಈ ಮೂರು ಮನೆಗಳನ್ನು ನೋಡುತ್ತಾನೆ. ಅವನ ಹತ್ತನೇ ದೃಷ್ಟಿ ಬೀಳೋದು ಏಳನೇ ಮನೆಗೆ. ಕೆಲಸದ ವಿಷಯಕ್ಕೆ ಅವನು ಯಾವ ರಾಶಿಯಲ್ಲಿದ್ದಾನೆ ಅಂತ ಗೊತ್ತಾಗಬೇಕು. ಲಗ್ನ, ರಾಶಿ ಬರೆದು ಬೇರೆ ಪ್ರಶ್ನೆಯಾಗಿ ಹಾಕಿ, ನೋಡೋಣ. ಈಗಲೇ ಹೆದರಬೇಡಿ.

ಗಿರೀಶ: ಅಂತರದ ವಿಷಯ ಒಪ್ಪಿದೆ. ಆದರೆ ಸಹನಾ ಅವರ ಕುಜ ಕುಂಭದಲ್ಲಿದ್ದಾನೆ. ಎಂಟನೇ ದೃಷ್ಟಿ ಕನ್ಯಾಕ್ಕೆ, ಅಂದರೆ ಹನ್ನೆರಡಕ್ಕೆ ಬೀಳುತ್ತೆ. ಹನ್ನೆರಡು ಅಂದರೆ ಕುಜದೋಷ ಅಲ್ವಾ? ಇನ್ನು, ಈ ಮೂವರಿಗೇ ವಿಶೇಷ ದೃಷ್ಟಿ ಇರೋದು ಇವರು ಭೂಮಿಯ ಕಕ್ಷೆಯ ಹೊರಗೆ ಇರೋದರಿಂದ ಅಂತ ಓದಿದ್ದೇನೆ.

ಭಟ್ಟರು: ಎಣಿಕೆ ಸರಿಯಾಗಿದೆ, ತೀರ್ಮಾನ ಸರಿಯಿಲ್ಲ. ಕುಜದೋಷ ನೋಡೋದು ಕುಜ ಕೂತಿರುವ ಮನೆಯಿಂದ, ಅವನ ದೃಷ್ಟಿಯಿಂದ ಅಲ್ಲ. ಇವರಿಗೆ ಲಗ್ನದಿಂದ ಐದರಲ್ಲಿದ್ದಾನೆ, ಚಂದ್ರನಿಂದ ಹನ್ನೊಂದರಲ್ಲಿ. ಎರಡೂ ದೋಷದ ಮನೆ ಅಲ್ಲ. ಕಕ್ಷೆಯ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ಆಮೇಲೆ ಹೊಂದಿಸಿದ ವಿವರಣೆ ಅದು. ಆ ಶ್ಲೋಕದಲ್ಲಿ ಕಾರಣ ಕೊಟ್ಟಿಲ್ಲ.

ನವೀನ: ನಾನು ಪಾಶ್ಚಾತ್ಯ ಪದ್ಧತಿ ಅಭ್ಯಾಸ ಮಾಡುವವನು, ಒಂದು ಮಾತು ಸೇರಿಸುತ್ತೇನೆ. ಕುಜನ ಎಂಟನೇ ದೃಷ್ಟಿ ನಮಗೆ ಅರಗಿಸಿಕೊಳ್ಳೋಕೆ ಕಷ್ಟ. ಎರಡನೇ ಶತಮಾನದ ಟಾಲೆಮಿ ಕೊಟ್ಟ ಆಸ್ಪೆಕ್ಟ್‌ಗಳಲ್ಲಿ 150 ಡಿಗ್ರಿ ಇಲ್ಲ. ಆರು-ಎಂಟರ ರಾಶಿಗಳು ಒಂದನ್ನೊಂದು ನೋಡೋದೇ ಇಲ್ಲ ಅನ್ನೋದು ಹಳೇ ಗ್ರೀಕ್ ಮತ. ಈಗಿನವರು ಅದಕ್ಕೆ ಕ್ವಿನ್‌ಕಂಕ್ಸ್ ಅಂತ ಜಾಗ ಕೊಟ್ಟಿದ್ದಾರೆ, ಆದರೂ ಆರ್ಬ್, ಅಂದರೆ ಆಚೀಚೆ ಒಪ್ಪುವ ಡಿಗ್ರಿ, ತುಂಬಾ ಕಡಿಮೆ ಇಡುತ್ತಾರೆ. ನಿಮ್ಮಲ್ಲಿ ಕುಜ ಎಂಟನ್ನು ಪೂರ್ತಿ ನೋಡುತ್ತಾನೆ, ಆರನ್ನು ನೋಡೋದೇ ಇಲ್ಲ. ನಮಗೆ ಎರಡೂ ಅದೇ 150.

ದಿಕ್ಕು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನೋದನ್ನ ಮಾತ್ರ ಪೂರ್ತಿ ಒಪ್ಪಲ್ಲ, ಭಟ್ಟರೇ. ಹಳೇ ಗ್ರೀಕರು ಸ್ಕ್ವೇರ್‌ನಲ್ಲೂ ಮೇಲುಗೈ ಯಾರದು ಅಂತ ನೋಡುತ್ತಿದ್ದರು. ಒಬ್ಬರಿಂದ ಹತ್ತನೇ ರಾಶಿಯಲ್ಲಿ ಕೂತವನದೇ ಮೇಲುಗೈ. ಈಗಿನ ಆಪ್‌ಗಳು ಅದನ್ನು ಬಿಟ್ಟಿವೆ, ಅಷ್ಟೇ.

ಭಟ್ಟರು: ಒಪ್ಪಿದೆ, ನಾನು ಹೇಳಿದ್ದು ಆಪ್‌ನಲ್ಲಿ ಕಾಣೋದರ ಬಗ್ಗೆ. ನಿಮ್ಮ ನಿಯಮವನ್ನ ಇಲ್ಲಿ ಇಟ್ಟರೆ ಕುಜನ ನಾಲ್ಕನೇ ದೃಷ್ಟಿ ಕೂಡುತ್ತೆ. ಮೇಷದ ಕುಜ ಕಟಕವನ್ನು ನೋಡುತ್ತಾನೆ, ಕಟಕದಿಂದ ಮೇಷ ಹತ್ತನೆಯದು, ಹಾಗಾಗಿ ನಿಮ್ಮಲ್ಲೂ ಕುಜನದೇ ಮೇಲುಗೈ. ಶನಿಯ ಹತ್ತನೇ ದೃಷ್ಟಿಗೆ ಬಂದರೆ ತಿರುಗುತ್ತೆ. ಮೇಷದ ಶನಿ ಮಕರವನ್ನು ನೋಡುತ್ತಾನೆ. ನಿಮ್ಮ ಲೆಕ್ಕದಲ್ಲಿ ಮಕರದಲ್ಲಿ ಇರುವವನೇ ಶನಿಗಿಂತ ಮೇಲು.

ನವೀನ: ಹೌದು, ಅಲ್ಲಿ ಎರಡೂ ಕೂಡಲ್ಲ. ನನಗೂ ಅದಕ್ಕೆ ಉತ್ತರ ಸಿಕ್ಕಿಲ್ಲ.

ಸಹನಾ: ‘ಯಾವ ಶನಿ’ ಅಂದಿರಲ್ಲ, ಅದು ಬಾಕಿ ಇದೆ ಭಟ್ಟರೇ.

ಭಟ್ಟರು: ಬಂದೆ. ತುಲಾ ಲಗ್ನಕ್ಕೆ ಶನಿ ನಾಲ್ಕು ಮತ್ತು ಐದರ ಅಧಿಪತಿ, ಯೋಗಕಾರಕ. ಅವನು ಕುಂಭದಲ್ಲಿ, ತನ್ನ ಮೂಲತ್ರಿಕೋಣದಲ್ಲೇ ಇದ್ದಾನೆ. ಸ್ವಂತ ಮನೆಯಲ್ಲಿ ಬಲವಾಗಿ ಕೂತ ಯೋಗಕಾರಕ ನೋಡೋದಕ್ಕೂ, ಮೇಷದಲ್ಲಿ ನೀಚನಾದ ಶನಿ ನೋಡೋದಕ್ಕೂ ತುಂಬಾ ಅಂತರ ಇದೆ. ಇವನು ಚಂದ್ರನಿಗೆ ಸಂಯಮ, ಜವಾಬ್ದಾರಿ ಕೊಡುತ್ತಾನೆ ಅಂತ ಓದುತ್ತೇನೆ. ಹಾಗೆ ನೋಡಿದರೆ ನಿಮ್ಮ ಆಪ್‌ನ ‘ಸ್ಥಿರವಾದ ಮನಸ್ಸು’ ಅನ್ನೋ ಮಾತಿಗೆ ಹತ್ತಿರವೇ ಬಂತು, ದಾರಿ ಮಾತ್ರ ಬೇರೆ. ಅವರು ಬಂದದ್ದು ಕೋನದಿಂದ, ನಾನು ಬಂದದ್ದು ಆಧಿಪತ್ಯದಿಂದ.

ಇನ್ನು ಗುರು. ಅವನು ಲಗ್ನದಿಂದ ಚಂದ್ರನನ್ನು ಏಳನೇ ದೃಷ್ಟಿಯಿಂದ ನೋಡುತ್ತಾನೆ, ಕುಂಭದ ಶನಿ-ಕುಜರನ್ನು ಐದನೇ ವಿಶೇಷ ದೃಷ್ಟಿಯಿಂದ. ಗುರುವಿನಿಂದ ಶನಿಗೆ 112 ಡಿಗ್ರಿ. ಪಾಶ್ಚಾತ್ಯರಲ್ಲಿ 8 ಡಿಗ್ರಿ ಆರ್ಬ್ ಇಟ್ಟವರು ಟ್ರೈನ್ ಅಂತಾರೆ, 6 ಇಟ್ಟವರು ಇಲ್ಲ ಅಂತಾರೆ. ನಮಗೆ ಮನೆಯ ಲೆಕ್ಕದಲ್ಲಿ ದೃಷ್ಟಿ ಇದೆ. ಕುಂಭದಿಂದ ತುಲಾ ಒಂಬತ್ತನೆಯದು, ಆದ್ದರಿಂದ ಶನಿ ತಿರುಗಿ ಗುರುವನ್ನು ಪೂರ್ಣವಾಗಿ ನೋಡಲ್ಲ. ಚಂದ್ರನನ್ನು ನೋಡುವ ಶನಿಯ ಮೇಲೂ ಗುರುದೃಷ್ಟಿ ಇದೆ ಅನ್ನೋದು ಊರಿನ ಮಾತಲ್ಲಿ ಬರಲೇ ಇಲ್ಲ ನೋಡಿ.

ತಡ ಆಗಿದ್ದಕ್ಕೆ ಜಾತಕದಲ್ಲೇ ಕಾರಣ ಹುಡುಕಬೇಕು ಅಂದರೆ, ನಾನು ಮೊದಲು ನೋಡೋದು ಈ ದೃಷ್ಟಿಯನ್ನಲ್ಲ. ನಿಮ್ಮ ಸಪ್ತಮಾಧಿಪತಿ ಕುಜ. ಅವನು ಶನಿಯ ಜೊತೆ ಒಂದೇ ಡಿಗ್ರಿ ಅಂತರದಲ್ಲಿ ಕೂತಿದ್ದಾನೆ. ಅದು ದೃಷ್ಟಿ ಅಲ್ಲ, ಯುತಿ. ನಡೆಯುತ್ತಿರುವ ದಶೆ ಗೊತ್ತಿಲ್ಲದೆ ಅದರ ಮೇಲೂ ವರ್ಷ ಹೇಳಲ್ಲ.

ಗಿರೀಶ: ಆದರೆ ತುಲಾ ಲಗ್ನಕ್ಕೆ ಗುರು ಮೂರು-ಆರರ ಅಧಿಪತಿ. ಶನಿಗೆ ಆಧಿಪತ್ಯ ನೋಡಿದಿರಿ, ಗುರುವಿಗೂ ನೋಡಬೇಕಲ್ವಾ? ಅವನ ದೃಷ್ಟಿ ಹೇಗೆ ಪೂರ್ತಿ ಒಳ್ಳೆಯದಾಗುತ್ತೆ?

ಭಟ್ಟರು: ಈ ಪ್ರಶ್ನೆ ಸರಿಯಾಗಿದೆ. ಪೂರ್ತಿ ಒಳ್ಳೆಯದು ಅಂತ ನಾನೂ ಹೇಳಲ್ಲ. ದೃಷ್ಟಿಗೆ ನೈಸರ್ಗಿಕ ಶುಭತ್ವವನ್ನೇ ಹಿಡಿಯುವವರಿದ್ದಾರೆ, ಆಧಿಪತ್ಯವೇ ಮುಖ್ಯ ಅನ್ನುವವರೂ ಇದ್ದಾರೆ. ದೃಗ್ಬಲದ ಲೆಕ್ಕದಲ್ಲಿ ಗುರುವನ್ನು ಶುಭನೆಂದೇ ಕೂಡಿಸುತ್ತೇವೆ, ಫಲ ಹೇಳುವಾಗ ಆರರ ಅಧಿಪತಿ ಅನ್ನೋದನ್ನೂ ಮರೆಯೋದಿಲ್ಲ. ಸಹನಾ ಅವರೇ, ಹುಟ್ಟಿದ ಸಮಯ ನಿಮಿಷದವರೆಗೆ ಖಚಿತ ಇದ್ದರೆ ನವಾಂಶ ಮತ್ತು ಈಗಿನ ದಶೆ ಬರೆದು ಹಾಕಿ. ಅಲ್ಲಿಂದ ಮುಂದುವರಿಸೋಣ.